ಎಲ್ಲ ಬಂತು, ಹೆಸರೊಂದು ಬರಲಿಲ್ಲ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳ ಪರಿಚಯ ನನ್ನ ಪಾಲಿಗೆ ಬಂದಿತ್ತು. ಅವರ ಊರು, ಓದು, ಸೇವೆ, ಬಂದ ಪ್ರಶಸ್ತಿ ಎಲ್ಲವನ್ನೂ ಸರಾಗವಾಗಿ ಹೇಳಿದೆ. ಕೊನೆಗೆ ‘ಇಂಥ ಸಾಧಕರಾದ ಶ್ರೀ…’ ಅಂದೆ, ಹೆಸರೇ ಬರಲಿಲ್ಲ. ಬೆಳಿಗ್ಗೆಯಷ್ಟೇ ಅವರ ಜೊತೆ ಫೋನಿನಲ್ಲಿ ಮಾತಾಡಿದ್ದೆ! ಅವರ ಹೆಸರಿಗೆ ಹತ್ತಿರದ ಇನ್ನೊಂದು ಹೆಸರು ಮತ್ತೆ ಮತ್ತೆ ಬಾಯಿಗೆ ಬರುತ್ತಿತ್ತು. ಕೈಯಲ್ಲಿದ್ದ ಚೀಟಿಯಲ್ಲೂ ಹೆಸರು ಬರೆದುಕೊಂಡಿರಲಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರು ಹಿಂದಿನಿಂದ ಹೇಳಿಕೊಟ್ಟರು. ಹೀಗೇಕೆ ಆಗುತ್ತದೆ? ಆಗ ನಾನು ಏನು ಮಾಡಬೇಕಿತ್ತು? ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಲೇ?

ಉತ್ತರ: ಚೀಟಿಯಲ್ಲಿ ಹೆಸರು ಬರೆದುಕೊಳ್ಳದವರು ನೀವೊಬ್ಬರೇ ಅಲ್ಲ. ಪರಿಚಯ ಮಾಡುವವರ ಚೀಟಿಗಳನ್ನು ಇಣುಕಿ ನೋಡಿದರೆ ಹುಟ್ಟಿದ ವರ್ಷ, ಓದಿದ ಕಾಲೇಜು, ಬರೆದ ಪುಸ್ತಕ ಎಲ್ಲ ಇರುತ್ತದೆ, ಹೆಸರು ಮಾತ್ರ ಇರುವುದಿಲ್ಲ. ‘ಅದು ಗೊತ್ತಿದ್ದದ್ದೇ ಅಲ್ಲವೇ’ ಎಂಬ ಧೈರ್ಯ. ಆದರೆ ಇಡೀ ಪರಿಚಯದಲ್ಲಿ ಕೈಕೊಡುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವುದು ಆ ಗೊತ್ತಿದ್ದ ಹೆಸರಿಗೇ.

ಅದಕ್ಕೆ ಕಾರಣ ಹೆಸರಿನ ಸ್ವಭಾವದಲ್ಲೇ ಇದೆ. ಒಬ್ಬರು ಕಮ್ಮಾರರು ಎಂದು ನಿಮಗೆ ಹೇಳಿದರೆ ಕುಲುಮೆ, ತಿದಿ, ಸುತ್ತಿಗೆ, ಕೆಂಪಗೆ ಕಾದ ಕಬ್ಬಿಣ ಎಲ್ಲವೂ ಕಣ್ಣಮುಂದೆ ಬರುತ್ತವೆ. ಆಮೇಲೆ ನೆನಪಿಸಿಕೊಳ್ಳುವಾಗ ಇವುಗಳಲ್ಲಿ ಯಾವುದನ್ನು ಹಿಡಿದರೂ ಆ ವೃತ್ತಿಯನ್ನು ತಲುಪಬಹುದು. ಅವರ ಮನೆತನದ ಹೆಸರು ಕಂಬಾರ ಎಂದು ಹೇಳಿದರೆ ಇದ್ಯಾವುದೂ ಜೊತೆಗೆ ಬರುವುದಿಲ್ಲ. ಆ ಹೆಸರಿಗೂ ಆ ಮುಖಕ್ಕೂ ಇರುವುದು ಒಂದೇ ಒಂದು ಎಳೆ. 1987ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ ನೋಡಿದರು. ಅಪರಿಚಿತ ಮುಖಗಳ ಜೊತೆ ಹೆಸರನ್ನೂ ವೃತ್ತಿಯನ್ನೂ ಕಲಿಸಿದಾಗ, ಒಂದೇ ಪದ ವೃತ್ತಿಯಾಗಿ ಬಂದಲ್ಲಿ ಹೆಚ್ಚು ನೆನಪಿಗೆ ಬಂತು, ಮನೆತನದ ಹೆಸರಾಗಿ ಬಂದಲ್ಲಿ ಕಡಿಮೆ. ನಿಮಗೂ ಅತಿಥಿಗಳ ಊರು, ಓದು, ಸೇವೆ ಒಂದರಿಂದ ಒಂದು ಹುಟ್ಟಿಕೊಂಡು ಬಂದವು. ಹೆಸರಿನ ಹೊತ್ತಿಗೆ ಆ ಒಂದೇ ಎಳೆ ಸಡಿಲವಾಯಿತು. ವೇದಿಕೆಯ ಗಾಬರಿಯೂ ಅದಕ್ಕೆ ಸೇರಿಕೊಂಡಿತು.

ಬೇರೊಂದು ಹೆಸರು ಬಾಯಿಗೆ ಬರುತ್ತಿತ್ತು ಎಂದಿರಲ್ಲ, ಅದೂ ಈ ಸ್ಥಿತಿಯ ಮಾಮೂಲಿ ಲಕ್ಷಣ. ಬೇಕಾದದ್ದು ರಾಜಶೇಖರ ಎಂದಿಟ್ಟುಕೊಳ್ಳಿ, ನಾಲಿಗೆಗೆ ಬರುವುದು ಚಂದ್ರಶೇಖರ. ಅದಲ್ಲ ಎಂದು ಗೊತ್ತು, ಆದರೂ ಮತ್ತೆ ಹುಡುಕಿದರೆ ಮತ್ತೆ ಅದೇ. ಪ್ರತಿ ಸಲ ಬಂದಾಗಲೂ ಆ ತಪ್ಪು ಹೆಸರಿನ ದಾರಿ ಇನ್ನಷ್ಟು ಸವೆದು ಸುಲಭವಾಗುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾಲಿಗೆಯ ತುದಿಯಲ್ಲೇ ನಿಂತ ಪದಕ್ಕಾಗಿ ಜನರನ್ನು ಕೆಲವು ಸಲ 10 ಸೆಕೆಂಡು ತಿಣುಕಲು ಬಿಟ್ಟರು, ಕೆಲವು ಸಲ 30 ಸೆಕೆಂಡು. ಆಮೇಲೆ ಉತ್ತರವನ್ನು ಸಂಶೋಧಕಿಯರೇ ಹೇಳಿದರು. ಎರಡು ದಿನ ಬಿಟ್ಟು ಅದೇ ಪದ ಕೇಳಿದಾಗ, ಹೆಚ್ಚು ಹೊತ್ತು ತಿಣುಕಿದ ಕಡೆಯೇ ಹೆಚ್ಚಾಗಿ ಮತ್ತೆ ಸಿಕ್ಕಿಕೊಂಡರು. ಆದ್ದರಿಂದ ವೇದಿಕೆಯ ಮೇಲೆ ಹೆಸರನ್ನು ಬಲವಂತವಾಗಿ ಎಳೆಯಬೇಡಿ. ಹುಡುಕುವುದನ್ನು ಬಿಟ್ಟುಬಿಡಿ. ಬಾಯಿ ಮುಚ್ಚಿ ಒಂದು ಉಸಿರು ತೆಗೆದುಕೊಳ್ಳಿ. ಎರಡು ಮೂರು ಸೆಕೆಂಡಿನ ಮೌನವನ್ನು ಸಭಿಕರು ಗಮನಿಸುವುದೂ ಇಲ್ಲ, ಏನೋ ಒತ್ತಿ ಹೇಳಲು ನಿಲ್ಲಿಸಿದರು ಅಂದುಕೊಳ್ಳುತ್ತಾರೆ. ಗಮನಕ್ಕೆ ಬರುವುದು ಮೈಕಿನಲ್ಲಿ ದೊಡ್ಡದಾಗುವ ‘ಆಂ… ಆಂ…’.

ಇನ್ನು ನಿಮ್ಮ ವಾಕ್ಯಕ್ಕೆ ಬರೋಣ. ನೀವು ಸಿಕ್ಕಿಬಿದ್ದದ್ದು ‘ಶ್ರೀ’ ಎಂಬಲ್ಲಿ. ಕನ್ನಡದ ಪರಿಚಯ ವಾಕ್ಯಕ್ಕೆ ಉದ್ದನೆಯ ವಿಶೇಷಣಗಳ ಮೆರವಣಿಗೆಯೆಂದರೆ ಬಹಳ ಪ್ರೀತಿ. ಅವರು ಇಂಥವರೂ, ಅಂಥವರೂ, ಮತ್ತೊಂದನ್ನು ಸಾಧಿಸಿದವರೂ ಆದ ಎಂದು ಸಾಗಿ, ಹೆಸರು ಕೊನೆಗೆ ರಥದಂತೆ ಬರಬೇಕು. ‘ಇಂಥ ಸಾಧಕರು’ ಎಂಬಲ್ಲಿ ನಿಂತಿದ್ದರೆ ವಾಕ್ಯವನ್ನು ಹೇಗೆ ಬೇಕಾದರೂ ಮುಗಿಸಬಹುದಿತ್ತು: ‘ಇಂಥ ಸಾಧಕರು ಇಂದು ನಮ್ಮ ಶಾಲೆಗೆ ಮುಖ್ಯ ಅತಿಥಿಗಳಾಗಿ ಬಂದಿದ್ದಾರೆ.’ ‘ಸಾಧಕರಾದ ಶ್ರೀ’ ಅಂದುಬಿಟ್ಟ ಮೇಲೆ ಹೆಸರಿನ ಹೊರತು ಇನ್ನೇನನ್ನೂ ಅಲ್ಲಿ ಇಡಲು ಬರುವುದಿಲ್ಲ. ‘ಡಾ.’, ‘ಪ್ರೊ.’ ಕೂಡ ಹೀಗೆಯೇ. ಹೆಸರು ನಾಲಿಗೆಯ ಮೇಲೆ ಬಂದು ಕೂತಿದೆ ಎಂದು ಖಾತ್ರಿಯಾಗದೆ ಈ ಪದಗಳನ್ನು ಬಾಯಿಂದ ಬಿಡಬೇಡಿ. ಇನ್ನೂ ಒಳ್ಳೆಯದೆಂದರೆ ಮೆರವಣಿಗೆಯನ್ನೇ ತಿರುಗಿಸುವುದು. ಮೊದಲ ವಾಕ್ಯದಲ್ಲೇ, ತಲೆ ತಣ್ಣಗಿರುವಾಗ, ಹೆಸರು ಹೇಳಿಬಿಡಿ. ಆಮೇಲೆ ಪೂರ್ತಿ ಪರಿಚಯವನ್ನು ‘ಅವರು’, ‘ಮಾನ್ಯರು’ ಎಂದೇ ನಡೆಸಬಹುದು, ಅದರಲ್ಲಿ ಗೌರವಕ್ಕೆ ಏನೂ ಕೊರತೆಯಾಗುವುದಿಲ್ಲ.

‘ಶ್ರೀ’ ಅಂದಾಗಿಹೋಗಿದೆ, ಹೆಸರು ಇಲ್ಲ. ಈಗ? ಆ ವಾಕ್ಯವನ್ನು ಅಲ್ಲೇ ಬಿಡಿ, ಅದನ್ನು ರಿಪೇರಿ ಮಾಡಲು ಹೋಗಬೇಡಿ. ಅತಿಥಿಗಳ ಕಡೆ ತಿರುಗಿ, ಕೈಮುಗಿದು, ಹೊಸ ವಾಕ್ಯ ಶುರುಮಾಡಿ: ‘ನಮ್ಮ ಇಂದಿನ ಮುಖ್ಯ ಅತಿಥಿಗಳನ್ನು ಜೋರಾದ ಚಪ್ಪಾಳೆಯೊಂದಿಗೆ ಸ್ವಾಗತಿಸೋಣ.’ ಇದರಲ್ಲಿ ಎರಡು ಲಾಭವಿದೆ. ಚಪ್ಪಾಳೆ ನಿಮಗೆ ನಾಲ್ಕೈದು ಸೆಕೆಂಡು ಕೊಡುತ್ತದೆ. ಶಾಲಾ ಮಕ್ಕಳಿದ್ದರೆ ಇನ್ನೂ ಹೆಚ್ಚು, ಅವರಿಗೆ ಒಮ್ಮೆ ಶುರುವಾದರೆ ನಿಲ್ಲಿಸಲು ಮನಸ್ಸಿರುವುದಿಲ್ಲ. ಎರಡನೆಯದು, ಅತಿಥಿಗಳ ಕಡೆ ತಿರುಗಿದಾಗ ವೇದಿಕೆಯ ಹಿಂದೆ ಕಟ್ಟಿರುವ ಫ್ಲೆಕ್ಸ್ ಸಹಜವಾಗಿ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಹೆಸರಿರುತ್ತದೆ. ಮೇಜಿನ ಮೇಲಿನ ನಾಮಫಲಕವನ್ನು ನಂಬಬೇಡಿ, ಅದು ಸಭಿಕರ ಕಡೆ ಮುಖ ಮಾಡಿರುತ್ತದೆ, ನಿಮಗೆ ಕಾಣುವುದು ಅದರ ಬೆನ್ನು. ಆಹ್ವಾನ ಪತ್ರಿಕೆ ಕೈಯಲ್ಲಿದ್ದರೆ ಎಲ್ಲಕ್ಕಿಂತ ಸುಲಭ, ಅದನ್ನು ತೆರೆದು ನೋಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಚಪ್ಪಾಳೆ ಇಳಿದ ಕೂಡಲೇ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ, ನಿಧಾನವಾಗಿ ಹೇಳಿ. ಇದನ್ನು ಮರೆತರೆ ಹಿಂದಿನದೆಲ್ಲ ವ್ಯರ್ಥ. ಹೆಸರೇ ಇಲ್ಲದೆ ಮುಗಿದ ಪರಿಚಯವನ್ನು ಸಭಿಕರು ಗಮನಿಸದಿರಬಹುದು, ಅತಿಥಿ ಖಂಡಿತ ಗಮನಿಸುತ್ತಾರೆ.

ಫ್ಲೆಕ್ಸೂ ಇಲ್ಲ, ಪತ್ರಿಕೆಯೂ ಇಲ್ಲ ಎಂದರೆ ಬಚ್ಚಿಡುವ ಪ್ರಯತ್ನ ಅಲ್ಲಿಗೇ ನಿಲ್ಲಲಿ. ‘ಕ್ಷಮಿಸಿ ಸರ್, ನಿಮ್ಮ ಕೆಲಸಗಳನ್ನು ಹೇಳುವ ಭರದಲ್ಲಿ ಹೆಸರು ನಾಲಿಗೆಯಿಂದ ಜಾರಿತು’ ಎಂದು ನಗುತ್ತಲೇ ಹೇಳಿ, ಪಕ್ಕದಲ್ಲಿರುವ ಮುಖ್ಯೋಪಾಧ್ಯಾಯರ ಕಡೆ ನೋಡಿ. ಕೇಳುವುದು ಅವರನ್ನು, ಅತಿಥಿಯನ್ನಲ್ಲ. ತುಂಬಿದ ಸಭೆಯಲ್ಲಿ ಒಬ್ಬರ ಹೆಸರನ್ನು ಅವರ ಬಾಯಿಂದಲೇ ಹೇಳಿಸುವುದು ಚೆನ್ನಾಗಿರುವುದಿಲ್ಲ. ಕ್ಷಮೆ ಒಂದೇ ವಾಕ್ಯದಲ್ಲಿ ಮುಗಿಯಲಿ. ನಿನ್ನೆ ರಾತ್ರಿ ನಿದ್ದೆಯಿಲ್ಲ, ಕಾರ್ಯಕ್ರಮದ ಓಡಾಟ ಎಂದು ಕಾರಣ ಕೊಡುತ್ತ ಹೋದರೆ ಪರಿಚಯ ಅವರದಾಗಿ ಉಳಿಯುವುದಿಲ್ಲ, ನಿಮ್ಮದಾಗುತ್ತದೆ.

ತಪ್ಪು ಹೆಸರು ಬಾಯಿಂದ ಹೊರಬಿದ್ದರೆ ಇನ್ನೂ ಬೇಗ ತಿದ್ದಬೇಕು, ಅದೇ ಉಸಿರಿನಲ್ಲಿ: ‘ಕ್ಷಮಿಸಿ, ರಾಜಶೇಖರ ಅವರು.’ ತಿದ್ದದೆ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2014ರ ಆಸ್ಕರ್ ಸಮಾರಂಭ ಸಾಕ್ಷಿ. ನಟ ಜಾನ್ ಟ್ರವೋಲ್ಟಾ ಗಾಯಕಿ ಇಡೀನಾ ಮೆಂಜೆಲ್ ಅವರನ್ನು ವೇದಿಕೆಗೆ ಕರೆಯುವಾಗ ‘ಅಡೆಲ್ ಡಝೀಮ್’ ಅಂದುಬಿಟ್ಟರು. ಅಲ್ಲೇ ತಿದ್ದಲಿಲ್ಲ. ಆ ಇಲ್ಲದ ಹೆಸರು ಜಗತ್ತಿನಾದ್ಯಂತ ನಗೆಚಾಟಿಕೆಯಾಯಿತು. ಮರುವರ್ಷ ಅದೇ ವೇದಿಕೆಯಲ್ಲಿ ಮೆಂಜೆಲ್ ಅವರು ಟ್ರವೋಲ್ಟಾರನ್ನು ಅಷ್ಟೇ ವಿಚಿತ್ರವಾದ ಹೆಸರಿನಿಂದ ಕರೆದು ಲೆಕ್ಕ ಚುಕ್ತಾ ಮಾಡಿದರು. ಅವರಿಬ್ಬರಿಗೂ ಮರುವರ್ಷ ಅದೇ ವೇದಿಕೆ ಸಿಕ್ಕಿತು. ನಿಮ್ಮ ಮುಖ್ಯ ಅತಿಥಿ ಮುಂದಿನ ವಾರ್ಷಿಕೋತ್ಸವಕ್ಕೆ ಬರುವುದು ಅನುಮಾನ.

ಹೆಸರಿನ ಬದಲು ಸಾಲು ಮರೆತರೆ ಲೆಕ್ಕ ಬೇರೆ. ನೀವೇ ಬರೆದ ಪರಿಚಯದ ಒಂದು ಸಾಲು ತಪ್ಪಿದರೆ ಹಿಂದಕ್ಕೆ ಹೋಗಬೇಡಿ, ನೆನಪಿರುವ ಮುಂದಿನ ವಿಷಯಕ್ಕೆ ಹಾರಿಬಿಡಿ. ಅಲ್ಲಿ ಏನು ಇರಬೇಕಿತ್ತು ಎಂದು ಗೊತ್ತಿರುವುದು ನಿಮಗೊಬ್ಬರಿಗೇ. ವಚನವನ್ನೋ ಪ್ರಸಿದ್ಧ ಕವಿತೆಯನ್ನೋ ಹೇಳುತ್ತಿದ್ದರೆ ಹಾರಲು ಬರುವುದಿಲ್ಲ, ಸಭಿಕರಲ್ಲಿ ಅರ್ಧದಷ್ಟು ಜನರಿಗೆ ಅದು ಬಾಯಿಪಾಠ. 2016ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ನೊಬೆಲ್ ಸಮಾರಂಭದಲ್ಲಿ, ಬಾಬ್ ಡಿಲನ್ ಬಾರದಿದ್ದಾಗ ಅವರ ಹಾಡನ್ನು ಹಾಡಿದ ಪ್ಯಾಟಿ ಸ್ಮಿತ್ ನಡುವೆ ಸಾಲು ತಪ್ಪಿ ನಿಂತರು. ಕ್ಷಮೆ ಕೇಳಿದರು, ತುಂಬ ಅಂಜಿಕೆಯಾಗಿದೆ ಅಂದರು, ಆ ಭಾಗವನ್ನು ಮತ್ತೆ ಶುರುಮಾಡಬಹುದೇ ಎಂದು ವಾದ್ಯವೃಂದವನ್ನು ಕೇಳಿಕೊಂಡು ಹಾಡಿ ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ಪದಗಳು ತನಗೆ ಮರೆತಿರಲಿಲ್ಲ, ಹೊರಗೆ ತರಲಾಗಲಿಲ್ಲ ಅಷ್ಟೇ ಎಂದು ಅವರು ಆಮೇಲೆ ಬರೆದರು. ಗಮನಿಸಿ, ಅವರು ಹಾಡಿನ ಮೊದಲಿಗೆ ಹೋಗಲಿಲ್ಲ, ತಪ್ಪಿದ ಭಾಗದ ಮೊದಲಿಗೆ ಮಾತ್ರ ಹೋದರು.

ಮುಂದಿನ ಸಲದ ಚೀಟಿ ಹೀಗಿರಲಿ. ಮೇಲ್ತುದಿಯಲ್ಲಿ ಅತಿಥಿಯ ಹೆಸರು ದಪ್ಪ ಅಕ್ಷರದಲ್ಲಿ, ನೀವು ಉಚ್ಚರಿಸುವ ಹಾಗೆಯೇ. ಇನಿಷಿಯಲ್‌ಗಳ ಕ್ರಮವನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ, ಎಚ್.ಆರ್. ಹೋಗಿ ಆರ್.ಎಚ್. ಆಗುವುದು ಬಹಳ ಸುಲಭ. ಕೆಳತುದಿಯಲ್ಲಿ, ವೇದಿಕೆಗೆ ಕರೆಯುವ ಸಾಲಿನ ಪಕ್ಕದಲ್ಲಿ, ಇನ್ನೊಮ್ಮೆ ಅದೇ ಹೆಸರು. ನಡುವೆ ಪೂರ್ತಿ ವಾಕ್ಯಗಳು ಬೇಡ, ಮೂರು ನಾಲ್ಕು ತಲೆಬರಹ ಸಾಕು. ಹೆಸರು ತಪ್ಪಿದರೆ ಹೇಳಿಕೊಡುವಂತೆ ಮೊದಲ ಸಾಲಿನಲ್ಲಿ ಕೂರುವ ಸಹೋದ್ಯೋಗಿಯೊಬ್ಬರಿಗೂ ಹೇಳಿಟ್ಟಿರಿ. ಹಳೆಯ ನಾಟಕ ಕಂಪನಿಗಳಲ್ಲಿ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ ಪ್ರಾಂಪ್ಟರ್ ಮಾಡುತ್ತಿದ್ದುದು ಇದೇ ಕೆಲಸ. ನಟನಿಗೆ ಪೂರ್ತಿ ಸಾಲು ಬೇಕಾಗಿರುತ್ತಿರಲಿಲ್ಲ, ಮೊದಲ ಪದ ಕಿವಿಗೆ ಬಿದ್ದರೆ ಉಳಿದದ್ದು ತಾನೇ ಬರುತ್ತಿತ್ತು. ಹೆಸರಿಗೂ ಅಷ್ಟೇ, ನಾಲಿಗೆಯ ತುದಿಯಲ್ಲಿರುವುದಕ್ಕೆ ಮೊದಲ ಅಕ್ಷರದ ಆಸರೆ ಬಹಳ ಸಲ ಸಾಕಾಗುತ್ತದೆ. ನಿಮ್ಮ ಸಹೋದ್ಯೋಗಿ ‘ರಾಜ’ ಎಂದು ಪಿಸುಗುಟ್ಟಿದರೆ ‘ಶೇಖರ’ ನಿಮ್ಮಿಂದಲೇ ಬರುತ್ತದೆ, ಹೇಳಿಕೊಟ್ಟದ್ದು ಹಿಂದಿನ ಸಾಲಿಗೆ ಕೇಳಿಸುವುದೂ ಇಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಫೋನ್ ಬೇಡ. ಅವರು ಅಷ್ಟರಲ್ಲಿ ಮರೆತಿದ್ದರೆ ನೀವೇ ನೆನಪಿಸಿದಂತಾಗುತ್ತದೆ, ಮರೆಯದಿದ್ದರೆ ‘ಪರವಾಗಿಲ್ಲ’ ಎನ್ನುವ ಕೆಲಸ ಅವರ ತಲೆಗೆ ಬರುತ್ತದೆ. ಶಾಲೆಯಿಂದ ಕೃತಜ್ಞತಾ ಪತ್ರ ಇನ್ನೂ ಹೋಗಿಲ್ಲದಿದ್ದರೆ ಅದನ್ನು ನಾನೇ ಬರೆಯುತ್ತೇನೆಂದು ಕೇಳಿ ತೆಗೆದುಕೊಳ್ಳಿ. ಸಮಾರಂಭದ ಒಂದೆರಡು ಫೋಟೊ ಜೊತೆಗಿಡಿ. ಲಕೋಟೆಯ ಮೇಲೆ ಹೆಸರು, ಇನಿಷಿಯಲ್ಲು, ಪದವಿ ಎಲ್ಲ ಸರಿಯಾಗಿದೆಯೇ ಎಂದು ಆಹ್ವಾನ ಪತ್ರಿಕೆಯ ಜೊತೆ ಇಟ್ಟು ನೋಡಿ ಕಳಿಸಿ.