ಬಡ್ತಿ ಕಡತದಲ್ಲಿ ಪ್ರಕಟಣೆಗಳ ಪಟ್ಟಿ: ಮೊದಲು ಬಗೆ, ಆಮೇಲೆ ದಿನಾಂಕ

ಪದವಿ ಕಾಲೇಜಿನ ಸಹ ಪ್ರಾಧ್ಯಾಪಕರೊಬ್ಬರು ಪ್ರಾಧ್ಯಾಪಕ ಹುದ್ದೆಯ ಬಡ್ತಿಗೆ ಅರ್ಜಿ ಹಾಕುವಾಗ ಹೆಚ್ಚು ದಿನ ತಿನ್ನುವ ಕಾಗದವೆಂದರೆ ಪ್ರಕಟಣೆಗಳ ಪಟ್ಟಿ. ಇಪ್ಪತ್ತು ವರ್ಷ ಬರೆದದ್ದೆಲ್ಲ ಒಂದೇ ಕಡೆ ಸೇರಬೇಕು. ಹಾಗಾಗಿ ನೆನಪಿಗೆ ಬಂದ ಕ್ರಮದಲ್ಲಿ ಒಂದರ ಕೆಳಗೊಂದು ಬರೆದು, 'ಒಟ್ಟು ಇಷ್ಟು' ಎಂದು ಕೊನೆಯಲ್ಲಿ ಕೂಡಿಸಿ ಕೊಡುವವರೇ ಹೆಚ್ಚು. ಪರಿಶೀಲನಾ ಸಮಿತಿ ಆ ಒಟ್ಟು ಸಂಖ್ಯೆಯನ್ನು ನೋಡುವುದೇ ಇಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಈ ಬರಹ ಯಾವ ಶೀರ್ಷಿಕೆಯಡಿ ಬರುತ್ತದೆ? ಯಾವ ದಿನಾಂಕದ್ದು?

ಈ ಎರಡು ಪ್ರಶ್ನೆಗಳ ಬೇರು ಯುಜಿಸಿಯ 2018ರ ನಿಯಮಾವಳಿಯಲ್ಲಿದೆ. ಅದರ ಪ್ರಕಾರ ಕಾಲೇಜಿನ ಸಹ ಪ್ರಾಧ್ಯಾಪಕರು ಪ್ರಾಧ್ಯಾಪಕರಾಗಲು ಮೂರು ವರ್ಷದ ಸೇವೆ ಮತ್ತು ಪಿಎಚ್.ಡಿ. ಜೊತೆಗೆ, ತಜ್ಞರ ಪರಿಶೀಲನೆಗೆ ಒಳಪಟ್ಟ ಅಥವಾ ಯುಜಿಸಿ ಪಟ್ಟಿಯಲ್ಲಿರುವ ಪತ್ರಿಕೆಗಳಲ್ಲಿ ಕನಿಷ್ಠ 10 ಸಂಶೋಧನ ಲೇಖನ ಪ್ರಕಟಿಸಿರಬೇಕು. ಅವುಗಳಲ್ಲಿ ಮೂರು ಮೌಲ್ಯಮಾಪನದ ಅವಧಿಯೊಳಗೇ ಬಂದಿರಬೇಕು. ಒಟ್ಟು ಸಂಶೋಧನಾಂಕ 110 ಮುಟ್ಟಬೇಕು. ಅಂಕ ಕೊಡುವ ಕೋಷ್ಟಕದಲ್ಲಿ ಆರು ವರ್ಗಗಳಿದ್ದು, ಅಂಕಗಳು ಕನಿಷ್ಠ ಮೂರು ವರ್ಗಗಳಿಂದ ಬಂದಿರಬೇಕು ಎಂಬ ಷರತ್ತೂ ಉಂಟು. ಕೋಷ್ಟಕದ ಅಡಿಯಲ್ಲಿರುವ ಈ ಸಾಲನ್ನು ಬಹಳ ಜನ ಓದಿಯೇ ಇರುವುದಿಲ್ಲ.

ಒಂದು ಮಾದರಿ ಇಟ್ಟುಕೊಂಡು ನೋಡಿದರೆ ಕೆಲಸ ಸ್ಪಷ್ಟವಾಗುತ್ತದೆ. ಕನ್ನಡ ವಿಭಾಗದ ಸಹ ಪ್ರಾಧ್ಯಾಪಕಿಯೊಬ್ಬರು ಎಂದಿಟ್ಟುಕೊಳ್ಳಿ. ಅವರು ಈ ಹುದ್ದೆಗೆ ಬಂದದ್ದು 2021ರ ಜುಲೈ 10ರಂದು. ಮೂರು ವರ್ಷ ತುಂಬಿದ್ದು 2024ರ ಜುಲೈ 9ಕ್ಕೆ. ಅವರ ಹಳೆಯ ಪಟ್ಟಿಯಲ್ಲಿ 'ಲೇಖನಗಳು' ಎಂಬ ತಲೆಬರಹದಡಿ 23, 'ಪುಸ್ತಕಗಳು' ಎಂಬುದರಡಿ 4, ಹೀಗೆ 27 ಬರಹಗಳಿವೆ. ಮೇಲ್ನೋಟಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಕೆಲಸ ಶುರುವಾಗಬೇಕಾದ್ದು ಕಪಾಟಿನಿಂದ, ಕಂಪ್ಯೂಟರಿನಿಂದಲ್ಲ. ಪ್ರತಿ ಬರಹದ ಮೂಲ ಪ್ರತಿಯನ್ನೂ ಹೊರತೆಗೆದು ಮೇಜಿನ ಮೇಲೆ ಹರಡಬೇಕು. ಪ್ರತಿಯೊಂದರ ಮುಖಪುಟ, ಸಂಪಾದಕ ಮಂಡಳಿಯ ವಿವರವಿರುವ ಒಳಪುಟ, ಪರಿವಿಡಿ ಮತ್ತು ಲೇಖನದ ಮೊದಲ ಪುಟವನ್ನು ಸ್ಕ್ಯಾನ್ ಮಾಡಿಕೊಳ್ಳಬೇಕು. ಪಟ್ಟಿಯಲ್ಲಿ ಬರೆಯುವ ಪ್ರತಿ ವಿವರವೂ ಈ ಪುಟಗಳಲ್ಲಿ ಅಚ್ಚಾದದ್ದೇ ಆಗಿರಬೇಕು. ಹಳೆಯ ಬಯೋಡೇಟಾದಿಂದ ನಕಲು ಮಾಡಿದ ಸಾಲಿನಲ್ಲಿ ವರ್ಷ ತಪ್ಪಿರುವುದು, ಪುಟಸಂಖ್ಯೆ ಬಿಟ್ಟುಹೋಗಿರುವುದು ತೀರ ಸಾಮಾನ್ಯ.

ಆಮೇಲೆ ಬಗೆ ವಿಂಗಡಣೆ. ಇಲ್ಲಿ ಮೊದಲು ನೋಡಬೇಕಾದ್ದು ಐಎಸ್ಎಸ್ಎನ್ ಇದೆಯೋ ಐಎಸ್‌ಬಿಎನ್ ಇದೆಯೋ ಎಂಬುದನ್ನು. ನಾಲ್ಕು ನಾಲ್ಕಾಗಿ ಒಡೆದ ಎಂಟು ಸ್ಥಾನಗಳ ಸಂಖ್ಯೆ ಇದ್ದರೆ ಅದು ನಿಯತಕಾಲಿಕ. ಹದಿಮೂರು ಅಂಕಿಗಳ, ಹಳೆಯದಾದರೆ ಹತ್ತು ಸ್ಥಾನಗಳ, ಸಂಖ್ಯೆ ಇದ್ದರೆ ಅದು ಪುಸ್ತಕ. ವಿಚಾರ ಸಂಕಿರಣದ ಪ್ರಬಂಧಗಳನ್ನು ಸೇರಿಸಿ ಅಚ್ಚು ಹಾಕಿದ ದಪ್ಪ ಸಂಪುಟ ನೋಡಲು ಪತ್ರಿಕೆಯ ವಿಶೇಷ ಸಂಚಿಕೆಯಂತೆಯೇ ಇರುತ್ತದೆ. ಹಿಂಬದಿಯ ಬಾರ್‌ಕೋಡ್ ಬೇರೆಯದನ್ನೇ ಹೇಳುತ್ತದೆ.

ನಮ್ಮ ಪ್ರಾಧ್ಯಾಪಕಿಯ 23 'ಲೇಖನ'ಗಳು ಹೀಗೆ ನೋಡಿದಾಗ ನಾಲ್ಕು ಗುಂಪುಗಳಾದವು. ಸಂಶೋಧನ ಪತ್ರಿಕೆಗಳಲ್ಲಿ ಬಂದವು 14. ರಾಷ್ಟ್ರೀಯ ವಿಚಾರ ಸಂಕಿರಣಗಳ ಪ್ರಬಂಧ ಸಂಪುಟಗಳಲ್ಲಿ ಬಂದವು 2. ಇತರರು ಸಂಪಾದಿಸಿದ ಪುಸ್ತಕಗಳ ಅಧ್ಯಾಯಗಳು 3. ಉಳಿದ 4 ದಿನಪತ್ರಿಕೆಯ ಪುರವಣಿ ಮತ್ತು ವಾರಪತ್ರಿಕೆಗಳಲ್ಲಿ ಬಂದವು. ಪುರವಣಿ ಲೇಖನಕ್ಕೆ ಈ ಕೋಷ್ಟಕದಲ್ಲಿ ಅಂಕವಿಲ್ಲ. ಅದನ್ನು ಕೈಬಿಡಬೇಕೆಂದೇನೂ ಇಲ್ಲ, 'ಇತರ ಬರಹಗಳು' ಎಂದು ಕೊನೆಯಲ್ಲಿ ಪ್ರತ್ಯೇಕವಾಗಿಡಬಹುದು. ಸಂಶೋಧನ ಲೇಖನಗಳ ನಡುವೆ ಸೇರಿಸಿದರೆ ಮಾತ್ರ ಸಮಿತಿ ಉಳಿದ ಸಾಲುಗಳನ್ನೂ ಅನುಮಾನದಿಂದ ನೋಡಲು ಶುರುಮಾಡುತ್ತದೆ. ನಾಲ್ಕು ಪುಸ್ತಕಗಳೂ ಒಂದೇ ಬಗೆಯಲ್ಲ: ಸ್ವಂತ ಕೃತಿ ಎರಡು, ಸಂಪಾದನೆ ಒಂದು, ಅನುವಾದ ಒಂದು.

ಈಗ ಅಂಕ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನ ಲೇಖನಕ್ಕೆ 10, ವಿಜ್ಞಾನ ವಿಷಯಗಳಲ್ಲಿ 8. ಇಬ್ಬರು ಸೇರಿ ಬರೆದಿದ್ದರೆ ಒಬ್ಬೊಬ್ಬರಿಗೂ ಶೇ 70. ಮೂವರು ಅಥವಾ ಹೆಚ್ಚು ಜನರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30. ಇವರ 14ರಲ್ಲಿ 11 ಸ್ವಂತದವು, 2 ಇಬ್ಬರದು, ಒಂದರಲ್ಲಿ ಮೂವರ ಪೈಕಿ ಇವರದು ಕೊನೆಯ ಹೆಸರು. 110ಕ್ಕೆ 14 ಮತ್ತು 3 ಸೇರಿ 127 ಆಯಿತು. ರಾಷ್ಟ್ರೀಯ ಪ್ರಕಾಶಕರ ಎರಡು ಸ್ವಂತ ಕೃತಿಗಳಿಗೆ 20, ಸಂಪಾದನೆಗೆ 8, ಅನುವಾದಿತ ಪುಸ್ತಕಕ್ಕೆ 8, ಮೂರು ಅಧ್ಯಾಯಗಳಿಗೆ 15, ಒಟ್ಟು 178. ಅಂಕಕ್ಕೆ ಕೊರತೆಯೇ ಇಲ್ಲ.

ಆದರೆ ಕೋಷ್ಟಕದಲ್ಲಿ ಪುಸ್ತಕ, ಅಧ್ಯಾಯ, ಅನುವಾದ ಎಲ್ಲವೂ ಸೇರಿ ಒಂದೇ ವರ್ಗ. ಅಂದರೆ 178 ಅಂಕ ಬಂದದ್ದು ಬರೀ ಎರಡು ವರ್ಗಗಳಿಂದ. ಮೂರನೆಯದು ಬೇಕು. ಅದನ್ನು ಒದಗಿಸುವುದು ಆ ಎರಡು ವಿಚಾರ ಸಂಕಿರಣ ಪ್ರಬಂಧಗಳು. ಅವು ಆಹ್ವಾನಿತ ಉಪನ್ಯಾಸ, ಪ್ರಬಂಧ ಮಂಡನೆಗಳ ಆರನೆಯ ವರ್ಗಕ್ಕೆ ಸೇರುತ್ತವೆ; ರಾಷ್ಟ್ರೀಯ ಮಟ್ಟದವಾದರೆ ತಲಾ 3 ಅಂಕ. ಸಿಗುವುದು ಆರೇ ಅಂಕ, ಆದರೆ ಷರತ್ತು ಪೂರೈಸುವುದು ಆ ಆರೇ. ಹಳೆಯ ಪಟ್ಟಿಯಲ್ಲಿ ಅವು 'ಲೇಖನಗಳು' ಎಂಬ ರಾಶಿಯಲ್ಲಿ ಹೂತುಹೋಗಿದ್ದವು. ಅದೇ ಪ್ರಬಂಧವನ್ನು 'ಮಂಡಿಸಿದ್ದು' ಎಂದು ಒಮ್ಮೆ, 'ಪ್ರಕಟವಾದದ್ದು' ಎಂದು ಇನ್ನೊಮ್ಮೆ ತೋರಿಸುವ ಹಾಗಿಲ್ಲ. ಒಂದೇ ಬಾರಿ ಲೆಕ್ಕ ಎಂದು ನಿಯಮ ನೇರವಾಗಿಯೇ ಹೇಳಿದೆ.

ಬಗೆ ಮುಗಿದ ಮೇಲೆ ದಿನಾಂಕ. ಪ್ರತಿ ಗುಂಪಿನಲ್ಲೂ ಹೊಸದು ಮೇಲೆ, ಹಳೆಯದು ಕೆಳಗೆ ಬರುವಂತೆ ಜೋಡಿಸುವುದು ಒಳ್ಳೆಯದು. ಹಾಗೆ ಮಾಡಿದರೆ ಮೌಲ್ಯಮಾಪನ ಅವಧಿಯವು ತಾವಾಗಿ ತುದಿಗೆ ಬರುತ್ತವೆ. ಅವು ಮುಗಿಯುವಲ್ಲಿ ಅಡ್ಡ ಗೆರೆ ಎಳೆದು, ಅವಧಿಯ ಆರಂಭದ ದಿನಾಂಕ ಬರೆದರೆ ಸಮಿತಿ ಹುಡುಕಬೇಕಿಲ್ಲ. ಕ್ರಮಸಂಖ್ಯೆಯನ್ನು ಮಾತ್ರ ಹಳೆಯದರಿಂದ ಕೊಡಬೇಕು. ಅತ್ಯಂತ ಹಳೆಯ ಲೇಖನ 1, ಹೊಸದು 14. ಮುಂದೆ ಹದಿನೈದನೆಯದು ಬಂದಾಗ ಮೇಲೆ ಒಂದು ಸಾಲು ಸೇರುತ್ತದೆಯೇ ಹೊರತು ಹಳೆಯ ಅನುಬಂಧಗಳ ಮೇಲೆ ಬರೆದ ಸಂಖ್ಯೆಯನ್ನು ಹೊಡೆದುಹಾಕಬೇಕಾಗುವುದಿಲ್ಲ.

ಎಕ್ಸೆಲ್‌ನಲ್ಲಿ ಈ ಪಟ್ಟಿ ಮಾಡುವವರು ಎರಡು ಕಡೆ ಎಚ್ಚರ ವಹಿಸಬೇಕು. 'ಅಕ್ಟೋಬರ್ 2022' ಎಂದು ಕನ್ನಡದಲ್ಲಿ ಬರೆದು ವಿಂಗಡಿಸಿದರೆ ತಿಂಗಳುಗಳು ಅಕ್ಷರಕ್ರಮದಲ್ಲಿ ನಿಲ್ಲುತ್ತವೆ, ಕಾಲಕ್ರಮದಲ್ಲಲ್ಲ. ಅದಕ್ಕಾಗಿ ಪಕ್ಕದ ಕಾಲಂನಲ್ಲಿ `2022-10` ಎಂಬಂತೆ ವರ್ಷ ಮೊದಲು, ತಿಂಗಳು ಆಮೇಲೆ ಬರೆದು ಅದರ ಮೇಲೆ ವಿಂಗಡಿಸಿ, ಮುದ್ರಿಸುವಾಗ ಆ ಕಾಲಂ ಮರೆಮಾಡಿದರಾಯಿತು. ಎರಡನೆಯದು ಜೋಡಿ ಸಂಚಿಕೆಗಳ ಕಾಟ. ಸಂಚಿಕೆ ಸಂಖ್ಯೆ `3-4` ಎಂದು ಹೊಡೆದ ಕೂಡಲೇ ಎಕ್ಸೆಲ್ ಅದನ್ನು ದಿನಾಂಕವೆಂದು ತಿಳಿದು `03-Apr` ಮಾಡಿಬಿಡುತ್ತದೆ. ಎರಡು ಕಾಲಂಗಳನ್ನೂ ಮೊದಲೇ `Text` ಎಂದು ಗುರುತು ಮಾಡಿದರೆ ಈ ತೊಂದರೆ ಇಲ್ಲ. ಹಾಗೆಯೇ ಸಂಪುಟಕ್ಕೂ 'ಸಂ.', ಸಂಚಿಕೆಗೂ 'ಸಂ.', ಸಂಪಾದಕರಿಗೂ 'ಸಂ.' ಎಂದು ಬರೆಯುವ ರೂಢಿಯನ್ನು ಈ ಪಟ್ಟಿಯ ಮಟ್ಟಿಗಾದರೂ ಬಿಡಬೇಕು. ಪೂರ್ತಿ ಪದ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಾಧ್ಯಾಪಕಿಗೆ ತಮ್ಮ ಮೂರು ವರ್ಷದಲ್ಲಿ ನಾಲ್ಕು ಲೇಖನ ಬಂದಿವೆ ಎಂಬ ಧೈರ್ಯವಿತ್ತು. ದಿನಾಂಕ ಇಳಿಸಿದಾಗ ಸಿಕ್ಕಿದ್ದು ಇವು: ಏಪ್ರಿಲ್–ಜೂನ್ 2021, ಅಕ್ಟೋಬರ್–ಡಿಸೆಂಬರ್ 2022, ಮಾರ್ಚ್ 2024, ಜುಲೈ–ಸೆಪ್ಟೆಂಬರ್ 2024. ಮೊದಲನೆಯದು ಅವಧಿ ಆರಂಭವಾಗುವ ಮುಂಚಿನ ಸಂಚಿಕೆ. ಕೊನೆಯದು ಹೊರಬಂದದ್ದು ಸೆಪ್ಟೆಂಬರಿನಲ್ಲಿ, ಜುಲೈ 9 ದಾಟಿದ ಮೇಲೆ. ಒಳಗೆ ಉಳಿದವು ಎರಡೇ.

ಇಲ್ಲಿ ದಾರಿ ಮುಚ್ಚುವುದಿಲ್ಲ, ದಿನಾಂಕ ಸರಿಯುತ್ತದೆ. ಕನಿಷ್ಠ ಅವಧಿ ತುಂಬಿದ ದಿನವೇ ಅರ್ಹತೆ ಇದ್ದರೆ ಬಡ್ತಿ ಆ ದಿನದಿಂದ. ಅರ್ಹತೆ ತಡವಾಗಿ ಪೂರ್ಣಗೊಂಡರೆ ಅದು ಪೂರ್ಣಗೊಂಡ ದಿನದಿಂದ. ಹಾಗಾಗಿ ಇವರು ಜುಲೈ 10ನ್ನು ಹಿಡಿದು ಕೂರದೆ, ಸೆಪ್ಟೆಂಬರ್ 2024ರ ಸಂಚಿಕೆ ಪ್ರಕಟವಾದ ದಿನವನ್ನು ಅರ್ಹತಾ ದಿನಾಂಕವಾಗಿ ತೋರಿಸಿ ಅರ್ಜಿ ಹಾಕುವುದು ಸರಿ. ಎರಡು ತಿಂಗಳು ಹಿಂದೆ ಬೀಳುತ್ತದೆ, ನಿಜ. ಜುಲೈ ಎಂದು ಬರೆದ ಅರ್ಜಿ ಆಕ್ಷೇಪಣೆಯೊಂದಿಗೆ ವಾಪಸಾದರೆ ಹೋಗುವ ಕಾಲ ಅದಕ್ಕಿಂತ ಹೆಚ್ಚು.

ಕನ್ನಡದ ಕೆಲವು ತ್ರೈಮಾಸಿಕಗಳು ತಡವಾಗಿ ಅಚ್ಚಾಗುವುದು ಇದೇ ವಿಷಯದಲ್ಲಿ ಗೊಂದಲ ತರುತ್ತದೆ. ಮುಖಪುಟದ ಮೇಲೆ ಏಪ್ರಿಲ್–ಜೂನ್ 2021 ಎಂದಿದ್ದು, ಒಳಗೆ ಮುದ್ರಣದ ತಿಂಗಳು ಆಗಸ್ಟ್ ಎಂದಿರಬಹುದು. ಪಟ್ಟಿಯಲ್ಲಿ ಸಂಚಿಕೆಯ ದಿನಾಂಕದ ಪ್ರಕಾರವೇ ಲೇಖನವನ್ನು ಕೂರಿಸಿ, ಮುದ್ರಣದ ತಿಂಗಳನ್ನು ಪಕ್ಕದಲ್ಲಿ ನಮೂದಿಸಿ, ಆ ಪುಟದ ಪ್ರತಿ ಲಗತ್ತಿಸಬಹುದು. ಆದರೆ ಬೇಕಾದ ಮೂರರಲ್ಲಿ ಒಂದು ಇಂಥದ್ದರ ಮೇಲೆ ನಿಂತಿರುವಂತೆ ಅರ್ಜಿ ಕಟ್ಟಬಾರದು. ಸಂಪಾದಕರಿಂದ ಬಂದ ಸ್ವೀಕೃತಿ ಪತ್ರವೂ ಅಷ್ಟೇ, ಅದು ಪ್ರಕಟಣೆಯಲ್ಲ. 'ಪ್ರಕಟವಾಗಬೇಕಾದವು' ಎಂಬ ಬೇರೆ ತಲೆಬರಹದಡಿ, ಕ್ರಮಸಂಖ್ಯೆ ಇಲ್ಲದೆ ಇರಲಿ.

ದಿನಾಂಕಕ್ಕೆ ಇನ್ನೊಂದು ಕೆಲಸವೂ ಇದೆ. ಯುಜಿಸಿಯ ಅನುಮೋದಿತ ಪತ್ರಿಕೆಗಳ ಪಟ್ಟಿ 2017ರಲ್ಲಿ ಬಂತು. 2018ರ ಮೇನಲ್ಲಿ ಅದರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ತೆಗೆದುಹಾಕಲಾಯಿತು. 2019ರ ಜೂನ್ 14ರಿಂದ ಅದರ ಜಾಗಕ್ಕೆ ಯುಜಿಸಿ-ಕೇರ್ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಯುಜಿಸಿ ನಿಲ್ಲಿಸಿತು. ಪತ್ರಿಕೆ ಈಗ ಯಾವ ಪಟ್ಟಿಯಲ್ಲಿದೆ ಎಂದು ಹುಡುಕಿ ಪ್ರಯೋಜನವಿಲ್ಲ. ಲೇಖನ ಬಂದ ತಿಂಗಳಲ್ಲಿ ಅದು ಎಲ್ಲಿತ್ತು ಎಂಬುದು ಮುಖ್ಯ. ಆಗಲೇ ತೆಗೆದಿಟ್ಟ ಮುದ್ರಿತ ಪ್ರತಿ ಇದ್ದರೆ ಲೇಖನದ ಹಿಂದೆಯೇ ಅದನ್ನು ಪಿನ್ ಮಾಡಬೇಕು. ಇಲ್ಲದಿದ್ದರೆ ಲೇಖನ ತಜ್ಞರ ಪರಿಶೀಲನೆಗೆ ಒಳಪಟ್ಟಿತ್ತೆಂದು ತೋರಿಸುವ ದಾಖಲೆ ಬೇಕು: ಸಂಚಿಕೆಯ ಒಳಪುಟದ ಹೇಳಿಕೆ, ಪರಿಶೀಲಕರ ಟಿಪ್ಪಣಿ ಬಂದ ಇ–ಮೇಲ್, ಸಂಪಾದಕರ ಪತ್ರ. ಹೆಸರಾಂತ ಪತ್ರಿಕೆಯ ಹೆಸರನ್ನೇ ಹೊತ್ತ ನಕಲಿ ಜಾಲತಾಣಗಳೂ ಇರುವುದರಿಂದ `portal.issn.org` ತಾಣದಲ್ಲಿ ಐಎಸ್ಎಸ್ಎನ್ ಹೊಡೆದು, ಅಲ್ಲಿ ಕಾಣುವ ಶೀರ್ಷಿಕೆ ಮತ್ತು ಪ್ರಕಾಶಕರು ಕೈಯಲ್ಲಿರುವ ಸಂಚಿಕೆಯೊಂದಿಗೆ ಹೊಂದುತ್ತಾರೆಯೇ ಎಂದು ನೋಡಬೇಕು.

ಕೊನೆಯ ತಾಳೆಯನ್ನು ಪಟ್ಟಿಯಿಂದ ಅನುಬಂಧಕ್ಕೆ ಮಾಡದೆ ತಿರುಗುಮುರುಗಾಗಿ ಮಾಡಬೇಕು, ಅದೂ ಬೇರೊಬ್ಬರ ಕೈಲಿ. ವಿಭಾಗದ ಸಹೋದ್ಯೋಗಿಯೊಬ್ಬರು ಕಡತದ ಹಿಂದಿನಿಂದ ಒಂದೊಂದೇ ಸ್ಕ್ಯಾನ್ ಪ್ರತಿ ಎತ್ತಿ ಶೀರ್ಷಿಕೆ, ತಿಂಗಳು, ಪುಟಸಂಖ್ಯೆ, ಲೇಖಕರ ಹೆಸರಿನ ಕ್ರಮ ಓದಬೇಕು. ಅರ್ಜಿದಾರರು ಪಟ್ಟಿಯಲ್ಲಿ ಗುರುತು ಹಾಕಬೇಕು. ಗುರುತು ಬೀಳದ ಸಾಲಿಗೆ ದಾಖಲೆ ಇಲ್ಲ ಎಂದರ್ಥ. ಸಾಲು ಸಿಗದ ಪ್ರತಿ ಉಳಿದರೆ ಯಾವುದೋ ಲೇಖನ ಬಿಟ್ಟುಹೋಗಿದೆ. ಒಂದು ಸಂಚಿಕೆಯಲ್ಲಿ ಹೆಸರಿನ ಇನಿಶಿಯಲ್ ಬೇರೆಯಾಗಿದ್ದರೆ, ಅಥವಾ ಮದುವೆಗೆ ಮುಂಚಿನ ಹೆಸರಿದ್ದರೆ, ಅಚ್ಚಾದ ಹಾಗೆಯೇ ಪಟ್ಟಿಯಲ್ಲಿ ಬರೆದು, ಎರಡೂ ಒಬ್ಬರದೇ ಎಂಬ ದೃಢೀಕರಣವನ್ನು ಮೊದಲ ಅನುಬಂಧವಾಗಿ ಇಡಬೇಕು. ಐಕ್ಯೂಎಸಿ ಸಂಯೋಜಕರ ಸಹಿಗೆ ಕಡತ ಹೋಗಬೇಕಾದ್ದು ಈ ತಾಳೆ ಮುಗಿದ ಮೇಲೆ.