ಯತಿಗಳಿಗೆ ಹೆಂಗಸರ ನಮಸ್ಕಾರ

ಪ್ರಶ್ನೆ: ಮುಂದಿನ ವಾರ ಮನೆಮಂದಿಯೆಲ್ಲ ಮಠಕ್ಕೆ ಹೋಗ್ತಿದ್ದೇವೆ. ಹೆಂಗಸರು ಸ್ವಾಮಿಗಳ ಪಾದ ಮುಟ್ಟಬಾರದಂತೆ. ಹಾಗಾದ್ರೆ ನಮಸ್ಕರಿಸೋದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸ್ತ್ರೀಸ್ಪರ್ಶ ವರ್ಜ್ಯವೆಂಬುದು ಸನ್ಯಾಸಿಗಳು ತಾವೇ ಹೊತ್ತ ನಿಯಮ, ನಿಮ್ಮಲ್ಲಿ ಕೊರತೆ ಇದೆ ಅಂತಲ್ಲ. ಅವರು ಹಿಂದೆ ಸರಿದರೆ ನೊಂದುಕೊಳ್ಳಬೇಡಿ. ನಾಲ್ಕೈದು ಅಡಿ ದೂರದಲ್ಲೇ ಕೈಮುಗಿದು, ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿ. ಉದ್ದಕ್ಕೆ ಮಲಗುವ ಸಾಷ್ಟಾಂಗ ಗಂಡಸರಿಗೆ. ಸ್ಮಾರ್ತ ಸಂಪ್ರದಾಯದಲ್ಲಿ “ನಮೋ ನಾರಾಯಣಾಯ” ಎಂದರೆ ಯತಿಗಳು “ನಾರಾಯಣ” ಎನ್ನುತ್ತಾರೆ. ನಿಮ್ಮ ನಮಸ್ಕಾರವನ್ನು ತಮ್ಮಲ್ಲಿಟ್ಟುಕೊಳ್ಳದೆ ದೇವರಿಗೆ ಒಪ್ಪಿಸುತ್ತಾರೆ.

ಗಡಿಬಿಡಿಯಾಗೋದು ಕೊಡು-ಕೊಳ್ಳುವಾಗ. ತಂದ ಹಣ್ಣನ್ನು ಕೈಗೆ ಕೊಡದೆ ತಟ್ಟೆಯಲ್ಲಿಡಿ. ಫಲಮಂತ್ರಾಕ್ಷತೆಗೆ ಸೆರಗೊಡ್ಡಿ ಅಥವಾ ಬೊಗಸೆಯನ್ನು ತಗ್ಗಿಸಿ ಹಿಡಿಯಿರಿ. ಅವರು ಮೇಲಿಂದ ಹಾಕುತ್ತಾರೆ. ಬೊಗಸೆ ಮೇಲೆತ್ತಿದರೇ ಕೈ ತಾಗುವ ಭಯ.