ಗಿಡ ಎಷ್ಟು ಲೋಹ ತೆಗೆಯಿತು? ಒಂದು ಪಾಠ, ಒಂದು ತಪ್ಪು, ಮರುಪಾಠ

ಸಿರುಗುಪ್ಪದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಘಟಕವನ್ನು ಬೋಧಿಸಿದೆ. ಬೇರು ನೀರನ್ನೂ ಖನಿಜಗಳನ್ನೂ ಹೀರಿ ಕ್ಸೈಲಂ ಮೂಲಕ ಎಲೆಗೆ ಸಾಗಿಸುತ್ತದೆ ಎಂಬ ಭಾಗಕ್ಕೆ ಪೂರಕವಾಗಿ, ಲೋಹದಿಂದ ಸಾಧಾರಣವಾಗಿ ಕೆಟ್ಟ ಮಣ್ಣನ್ನು ಗಿಡಗಳಿಂದ ಶುದ್ಧಿ ಮಾಡುವ ವಿಧಾನವನ್ನು ಎರಡು ಪಾಠಗಳಲ್ಲಿ ತೆಗೆದುಕೊಂಡೆ. ಮೊದಲ ಪಾಠದಲ್ಲಿ ನಾನೇ ತಪ್ಪಿದೆ. ಆ ತಪ್ಪಿನಿಂದಲೇ ಎರಡನೆಯ ಪಾಠ ಹುಟ್ಟಿತು.

ಗಿಡದ ಆಯ್ಕೆ

ಉದಾಹರಣೆಗೆ ಕ್ಯಾಡ್ಮಿಯಂ ಆರಿಸಿಕೊಂಡೆ. ಅದು ರಾಸಾಯನಿಕವಾಗಿ ಸತುವನ್ನು ಹೋಲುವುದರಿಂದ, ಸತುವಿಗಾಗಿ ಇರುವ ದಾರಿಗಳಲ್ಲೇ ಬೇರಿನೊಳಗೆ ನುಸುಳುತ್ತದೆ. ‘ಹೆಚ್ಚು ಹೀರುವ ಗಿಡವೇ ಒಳ್ಳೆಯ ಗಿಡವೇ?’ ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಿದೆ. ಎಲ್ಲರೂ ಹೌದು ಎಂದರು. ಆಗ ಕಪ್ಪುಹಲಗೆಯ ಮೇಲೆ, ಲೆಕ್ಕಕ್ಕಾಗಿ ಊಹಿಸಿದ ಅಂಕಿಗಳೆಂದು ಹೇಳಿಯೇ, ಈ ಕೋಷ್ಟಕ ಬರೆದೆ.

| ಗಿಡ | ಹೆಕ್ಟೇರಿಗೆ ಒಣ ತೂಕ (ಟನ್) | ಕಾಂಡ-ಎಲೆಯಲ್ಲಿ ಕ್ಯಾಡ್ಮಿಯಂ (ಮಿ.ಗ್ರಾಂ/ಕೆ.ಜಿ.) | ತೆಗೆದದ್ದು (ಗ್ರಾಂ) |
|---|---|---|---|
| ಥ್ಲಾಸ್ಪಿ | 0.5 | 80 | 40 |
| ಸಾಸಿವೆ | 6 | 10 | 60 |
| ಸೂರ್ಯಕಾಂತಿ | 9 | 5 | 45 |
| ಲಾವಂಚ | 12 | 1 | 12 |

ಟನ್ನನ್ನು ಮಿ.ಗ್ರಾಂ/ಕೆ.ಜಿ.ಯಿಂದ ಗುಣಿಸಿದರೆ ನೇರವಾಗಿ ಗ್ರಾಂ ಬರುತ್ತದೆ. ಇದು ಮಕ್ಕಳಿಗೆ ಬಹಳ ಹಿಡಿಸಿತು. ಥ್ಲಾಸ್ಪಿ ಯುರೋಪಿನ ತಂಪು ನಾಡಿನ ಪುಟ್ಟ ಗಿಡ. ಅದು ಹೀರುವುದರಲ್ಲಿ ಹೆಸರುವಾಸಿಯಾದರೂ ನಮ್ಮ ಬಿಸಿಲಿಗೆ ಒಗ್ಗುವುದಿಲ್ಲ, ತೂಕವೂ ಕಡಿಮೆ. ಲಾವಂಚ ದಟ್ಟವಾಗಿ ಬೆಳೆದರೂ ಲೋಹದ ಹೆಚ್ಚಿನ ಪಾಲನ್ನು ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ಮೇಲಿನ ಭಾಗ ಕೊಯ್ದರೆ ಕೈಗೆ ಸಿಗುವುದು ಅಲ್ಪ. ಆದ್ದರಿಂದ ಲೋಹವನ್ನು ಹೊರತೆಗೆಯಲು ಸಾಸಿವೆ, ಮಣ್ಣು ಮತ್ತು ಧೂಳು ಅಲ್ಲಾಡದಂತೆ ಹಿಡಿದಿಡಲು ಲಾವಂಚ. ಎರಡೂ ಬೇರೆ ಬೇರೆ ಕೆಲಸಗಳು. ಕೋಲಾರದ ಚಿನ್ನದ ಗಣಿಯ ತ್ಯಾಜ್ಯದ ದಿಬ್ಬಗಳಂಥ ಕಡೆ ಮೊದಲು ಬೇಕಾದದ್ದು ಎರಡನೆಯ ಕೆಲಸ, ಏಕೆಂದರೆ ಅಲ್ಲಿ ಧೂಳು ಗಾಳಿಯಲ್ಲಿ ಊರಿಗೆ ಬರುತ್ತದೆ.

ನನ್ನ ತಪ್ಪು

‘ಬಿತ್ತುವ ಮುನ್ನ ಮಣ್ಣು ಪರೀಕ್ಷಿಸಿ, ಕೊಯ್ಲಾದ ಮೇಲೆ ಮತ್ತೆ ಪರೀಕ್ಷಿಸಿ; ವ್ಯತ್ಯಾಸವೇ ಗಿಡ ತೆಗೆದ ಲೋಹ’ ಎಂದು ಹೇಳಿ ಪಾಠ ಮುಗಿಸಿದೆ. ಉದಾಹರಣೆಯಾಗಿ, 3.0 ಇದ್ದದ್ದು ಒಂದೇ ಸಾಸಿವೆ ಬೆಳೆಯ ನಂತರ 2.7 ಮಿ.ಗ್ರಾಂ/ಕೆ.ಜಿ. ಆಯಿತು ಎಂದೂ ಬರೆದೆ. ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕ ಉಪನ್ಯಾಸಕರು ಪಾಠಯೋಜನೆಯ ಅಂಚಿನಲ್ಲಿ ಒಂದೇ ಸಾಲು ಬರೆದರು: ‘ಜಮಾ-ಖರ್ಚು ತಾಳೆ ನೋಡಿದಿರಾ?’

ಅಂದು ರಾತ್ರಿ ತಾಳೆ ನೋಡಿದೆ. ಒಂದು ಹೆಕ್ಟೇರಿನ ಮೇಲಿನ 20 ಸೆಂ.ಮೀ. ಮಣ್ಣು, ಘನ ಸೆಂ.ಮೀ.ಗೆ 1.3 ಗ್ರಾಂ ಸಾಂದ್ರತೆಯಂತೆ, 2600 ಟನ್ ತೂಗುತ್ತದೆ. 0.3 ಕಡಿಮೆಯಾಗಿದ್ದರೆ ಹೋದ ಲೋಹ 780 ಗ್ರಾಂ. ಆದರೆ ನನ್ನದೇ ಕೋಷ್ಟಕದ ಪ್ರಕಾರ ಸಾಸಿವೆ ಒಯ್ದದ್ದು 60 ಗ್ರಾಂ. ಉಳಿದ 720 ಗ್ರಾಂ ಎಲ್ಲಿ? ಎಲ್ಲೂ ಹೋಗಿಲ್ಲ. 60 ಗ್ರಾಂ ತೆಗೆದರೆ ಮಣ್ಣಿನಲ್ಲಿ ಇಳಿಯುವುದು ಸುಮಾರು 0.02 ಮಿ.ಗ್ರಾಂ/ಕೆ.ಜಿ. ಮಾತ್ರ. ಒಂದೇ ಹೊಲದಲ್ಲಿ ಎರಡು ಸಲ ಮಣ್ಣು ತೆಗೆದರೆ ಬರುವ ಸಹಜ ಏರುಪೇರು ಇದಕ್ಕಿಂತ ಎಷ್ಟೋ ದೊಡ್ಡದು. ಒಂದು ಬೆಳೆಯ ಫಲ ಮಣ್ಣಿನ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಮರುಪಾಠ: ಅಕ್ಕಿಯ ಬಕೆಟ್ಟು

ನಮ್ಮದು ಭತ್ತದ ನಾಡು, ಅಕ್ಕಿಗೆ ಬರವಿಲ್ಲ. ಬಕೆಟ್ಟಿನಲ್ಲಿ ಸೋನಾ ಮಸೂರಿ ಹಾಕಿ, ಒಂದು ಹಿಡಿ ಅಕ್ಕಿಗೆ ಅರಿಶಿನ ಬಳಿದು ಒಣಗಿಸಿ ಬೆರೆಸಿದೆ. ಬಿಳಿಯದು ಮಣ್ಣು, ಹಳದಿಯದು ಲೋಹ. ಆರು ಗುಂಪುಗಳು ಒಂದೊಂದು ಸಣ್ಣ ಲೋಟ ತೆಗೆದು ಹಳದಿ ಕಾಳು ಎಣಿಸಿದವು: 14, 9, 17, 11, 13, 8. ಸರಾಸರಿ 12. ಎಣಿಸಿದ್ದನ್ನೆಲ್ಲ ವಾಪಸ್ಸು ಸುರಿಸಿ, ಕಲಸಿ, ಮತ್ತೆ ತೆಗೆಸಿದೆ: 10, 7, 12, 15, 6, 10. ಸರಾಸರಿ 10.

‘ಸರ್, ಕಡಿಮೆ ಆತು!’ ಎಂದು ಹುಡುಗರು ಕೂಗಿದರು.

‘ಯಾರು ತೆಗೆದರು?’ ಎಂದೆ. ತರಗತಿ ಸುಮ್ಮನಾಯಿತು. ಒಂದು ಕಾಳೂ ಹೊರಹೋಗಿರಲಿಲ್ಲ. ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಅಲ್ಲೇ ಒಪ್ಪಿಕೊಂಡೆ.

ಹಾಗಾದರೆ ಅಳೆಯುವುದು ಹೇಗೆ? ಹೊರಹೋದದ್ದನ್ನೇ ಅಳೆಯಬೇಕು, ಅಂದರೆ ಕೊಯ್ದ ಗಿಡವನ್ನು. ಹೊಲದ ಐದಾರು ಕಡೆ ಒಂದೊಂದು ಚದರ ಮೀಟರ್ ಗುರುತಿಸಿ, ಎಲೆ ಉದುರುವ ಮುನ್ನ ಕೊಯ್ಯಬೇಕು. ಉದುರಿದ ಎಲೆ ಲೋಹವನ್ನು ಮಣ್ಣಿಗೇ ಮರಳಿಸುತ್ತದೆ. ತೊಳೆದು, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಬೇಕು. ಹಸಿ ಸಾಸಿವೆಯಲ್ಲಿ ನೀರೇ ಹೆಚ್ಚು. 6 ಟನ್ ಒಣಗಿಡ ಹಸಿಯಾಗಿದ್ದಾಗ ಸುಮಾರು 40 ಟನ್ ಇರಬಹುದು. ಹಸಿ ತೂಕವನ್ನು ಒಣಪುಡಿಯ ಸಾಂದ್ರತೆಯಿಂದ ಗುಣಿಸಿದರೆ ಉತ್ತರ ಆರೇಳು ಪಟ್ಟು ಉಬ್ಬುತ್ತದೆ. ಪುಡಿಯ ಪರೀಕ್ಷೆ ಪ್ರಯೋಗಾಲಯದ ಕೆಲಸ. ಮಣ್ಣನ್ನೂ ಪರೀಕ್ಷಿಸಬೇಕು, ಆದರೆ ಹಲವು ಕಡೆಯ ಮಣ್ಣು ಬೆರೆಸಿ, ಪ್ರತಿ ಸಲ ಅದೇ ಆಳದಿಂದ, ಹಲವು ವರ್ಷಗಳ ಅಂತರದಲ್ಲಿ.

ತೊಳೆಯುವುದೇಕೆ ಎಂಬುದನ್ನು ಬಳ್ಳಾರಿ ಜಿಲ್ಲೆಯ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ. ಅದಿರು ಲಾರಿಗಳ ರಸ್ತೆಬದಿಯ ಕೆಂಪು ಎಲೆಗಳನ್ನು ಅವರು ಕಂಡಿದ್ದಾರೆ. ಕ್ಯಾಡ್ಮಿಯಂಗೆ ಧೂಳಿನ ತೊಂದರೆ ಕಡಿಮೆ. ಸೀಸದಲ್ಲಿ ಲೆಕ್ಕವೇ ಕೆಡುತ್ತದೆ. ಮಣ್ಣಿನಲ್ಲಿ 300 ಇದ್ದು ಎಲೆಯೊಳಗೆ ನಿಜಕ್ಕೂ 3 ಇದ್ದರೆ, ಎಲೆಯ ತೂಕದ ನೂರನೇ ಒಂದು ಪಾಲು ಧೂಳು ಅಂಟಿದರೂ ಇನ್ನೊಂದು 3 ಸೇರಿ, ಹೀರಿಕೆ ಇಮ್ಮಡಿಯಾದಂತೆ ಕಾಣುತ್ತದೆ.

ಒಂದು ಪ್ರಶ್ನೆ

ಕೊನೆಗೆ ಎಷ್ಟು ಕಾಲ ಬೇಕೆಂದು ಮಕ್ಕಳೇ ಲೆಕ್ಕ ಹಾಕಿದರು. 3ರಿಂದ 2ಕ್ಕೆ ಇಳಿಸಲು 2600 ಗ್ರಾಂ ತೆಗೆಯಬೇಕು. ಬೆಳೆಗೆ 60 ಗ್ರಾಂನಂತೆ 43 ಬೆಳೆ. ವರ್ಷಕ್ಕೆ ಎರಡಾದರೂ 20 ವರ್ಷ ಮೀರುತ್ತದೆ. ಸುಲಭವಾಗಿ ಸಿಗುವ ಲೋಹ ಮೊದಲು ಮುಗಿಯುವುದರಿಂದ ಇನ್ನೂ ತಡವಾಗಬಹುದು. ನಮ್ಮ ಸುಣ್ಣದಂಶದ, ಕ್ಷಾರೀಯ ಕರಿಮಣ್ಣು ಕ್ಯಾಡ್ಮಿಯಂ ಅನ್ನು ಬಿಗಿಯಾಗಿ ಹಿಡಿಯುವುದರಿಂದ ಸಾಸಿವೆಗೆ 10 ಸಿಗದೆಯೂ ಇರಬಹುದು.

ಆಗ ಒಬ್ಬ ಹುಡುಗಿ ಎದ್ದು ಕೇಳಿದಳು: ‘ಸರ್, ನಮ್ಮ ಹೊಲದ ಪಕ್ಕ ಹಳೇ ಬ್ಯಾಟರಿ ಒಡಿಯೋ ಜಾಗ ಐತಿ. ಇಪ್ಪತ್ತು ವರ್ಷ ನಮ್ಮಪ್ಪ ಏನು ಬೆಳೀಬೇಕು?’

ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತಿಳಿದಷ್ಟು ಹೇಳಿದೆ. ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕು, ಅದೂ ಯಾವ ಲೋಹವೆಂದು ಹೆಸರಿಸಿ, ಏಕೆಂದರೆ ಬ್ಯಾಟರಿ ಜಾಗದಲ್ಲಿ ಸೀಸದ ಶಂಕೆಯೇ ಹೆಚ್ಚು, ಮತ್ತು ಸೀಸ ಕಾಂಡಕ್ಕೆ ಏರುವುದು ತೀರ ಕಡಿಮೆ. ಲೋಹ ಇದೆಯೆಂದಾದರೆ ಸೊಪ್ಪು, ಗೆಡ್ಡೆ ಬೇಡ. ಹತ್ತಿ, ಹರಳಿನಂಥ ತಿನ್ನದ ಬೆಳೆ ಇಡಬಹುದು. ಶುದ್ಧಿಗೆಂದು ಬೆಳೆದ ಸಾಸಿವೆಯನ್ನು ದನಕ್ಕೆ ಹಾಕಬಾರದು, ಒಲೆಗೂ ಇಡಬಾರದು. ಹಾಗೆ ಮಾಡಿದರೆ ಹೊಲದಿಂದ ತೆಗೆದದ್ದು ಮನೆಗೆ ಬರುತ್ತದೆ. ಅವಳು ಇದನ್ನೆಲ್ಲ ಬರೆದುಕೊಂಡಳು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆಗಳು

1. ಒಂದು ಗಿಡ ಹೆಕ್ಟೇರಿಗೆ 4 ಟನ್ ಒಣ ತೂಕ ಕೊಡುತ್ತದೆ; ಅದರಲ್ಲಿ 12 ಮಿ.ಗ್ರಾಂ/ಕೆ.ಜಿ. ಕ್ಯಾಡ್ಮಿಯಂ ಇದೆ. ತೆಗೆದದ್ದು ಎಷ್ಟು? (48 ಗ್ರಾಂ)
2. ಒಂದು ಬೆಳೆಯಲ್ಲಿ ಮಣ್ಣಿನ ಲೋಹ 3.0ರಿಂದ 2.6ಕ್ಕೆ ಇಳಿಯಿತು ಎಂದು ವರದಿ ಬಂದಿದೆ. ನಂಬುವ ಮುನ್ನ ಯಾವ ಅಂಕಿಯನ್ನು ಕೇಳುವಿರಿ?

ಎರಡನೆಯದಕ್ಕೆ ಹೆಚ್ಚಿನವರು ‘ಕೊಯ್ದ ಗಿಡದ ಒಣ ತೂಕ ಮತ್ತು ಅದರಲ್ಲಿನ ಲೋಹ’ ಎಂದು ಬರೆದರು. ಒಬ್ಬ ಹುಡುಗ ‘ಎಷ್ಟು ಕಡೆಯಿಂದ ಮಣ್ಣು ತೆಗೆದಿರಿ?’ ಎಂದೂ ಸೇರಿಸಿದ್ದ. ಮುಂದೆ ಈ ಪಾಠ ಮಾಡುವವರು ಕೋಷ್ಟಕಕ್ಕಿಂತ ಮೊದಲೇ ಅಕ್ಕಿಯ ಬಕೆಟ್ಟನ್ನು ತರಗತಿಗೆ ಒಯ್ಯುವುದು ಒಳ್ಳೆಯದು.